ಹನ್ನೊಂದು ಕೆಂಪು ನಕ್ಷತ್ರ

ನಮ್ಮ ಕಚೇರಿಯಲ್ಲಿ ನನ್ನ ಕೆಲಸ ಬೀಗ ಹಾಕುವುದು. ಬಾಗಿಲಿಗಲ್ಲ, ಟಿಕೆಟ್‌ಗಳಿಗೆ. ಬೆನ್ನ ಹಿಂದೆ ನನ್ನನ್ನು ಏನೆಂದು ಕರೆಯುತ್ತಾರೆ ಎಂಬುದೂ ನನಗೆ ಗೊತ್ತಿದೆ, ಅದನ್ನಿಲ್ಲಿ ಬರೆಯುವ ಹಾಗಿಲ್ಲ.

ಆಸ್ಪತ್ರೆಗಳಿಗೆ, ವಯಸ್ಸಾದವರ ಆರೈಕೆ ಕೇಂದ್ರಗಳಿಗೆ ಕರೆಗಂಟೆ ಮಾಡಿಕೊಡುವ ಕಂಪನಿ ನಮ್ಮದು. ಹಾಸಿಗೆ ಪಕ್ಕದ ಗುಂಡಿ ಒತ್ತಿದರೆ ಅಲ್ಲೇ ಒಂದು ದೀಪ ಹತ್ತುತ್ತದೆ, ದಾದಿಯರ ಮೇಜಿನ ಪರದೆಯ ಮೇಲೆ ಕೋಣೆಯ ನಂಬರ್ ಬಂದು ಗಂಟೆ ಹೊಡೆಯುತ್ತದೆ. ಇಷ್ಟೇ. ಈ ಇಷ್ಟನ್ನು ಸರಿಯಾಗಿ ಮಾಡಲು ನಾವು ನಲವತ್ತು ಜನ ತಲೆ ಕೆಡಿಸಿಕೊಳ್ಳುತ್ತೇವೆ. ಎಲ್ಲಾದರೂ ತಪ್ಪು ಕಂಡರೆ ಅದಕ್ಕೊಂದು ಟಿಕೆಟ್ ಬರೆಯುತ್ತೇವೆ. ಅದು ‘ಹೊಸದು’ ಎಂಬಲ್ಲಿಂದ ‘ಕೆಲಸ ನಡೆಯುತ್ತಿದೆ’ಗೆ, ಅಲ್ಲಿಂದ ‘ಪರೀಕ್ಷೆಗೆ ಸಿದ್ಧ’ಕ್ಕೆ, ಕೊನೆಗೆ ‘ಮುಗಿಯಿತು’ಗೆ ಹೋಗಬೇಕು. ಒಂದು ಮನೆಯಿಂದ ಇನ್ನೊಂದು ಮನೆಗೆ ದಾಟುವಾಗ ಏನೇನು ತುಂಬಿಸಲೇಬೇಕು ಎಂಬುದನ್ನು ಕಂಪ್ಯೂಟರಿನಲ್ಲಿ ಹೊಂದಿಸುವವಳು ನಾನು. ಒಂದು ಕಾಲಂ ಕಡ್ಡಾಯ ಎಂದು ನಾನು ಟಿಕ್ ಹಾಕಿದರೆ ಅದರ ಮುಂದೆ ಒಂದು ಕೆಂಪು ನಕ್ಷತ್ರ ಬರುತ್ತದೆ. ಖಾಲಿ ಬಿಟ್ಟರೆ ಟಿಕೆಟ್ ಜಪ್ಪಯ್ಯ ಎಂದರೂ ಅಲ್ಲಾಡುವುದಿಲ್ಲ.

ನಾನು ಹೇಳಹೊರಟಿರುವುದು ನನ್ನ ಕಥೆಯಲ್ಲ, ತೋರ್ಸಿ ಸಾರ್ ಕಥೆ.

ಅವರು ನಮ್ಮ ಟೆಸ್ಟರ್. ವಯಸ್ಸು ಐವತ್ತಾರು. ಯಾರು ಬಂದು ‘ಸಾರ್, ಸರಿ ಮಾಡಿದೀನಿ’ ಎಂದರೂ ಅವರ ಬಾಯಿಂದ ಬರುತ್ತಿದ್ದುದು ಒಂದೇ ಮಾತು: ‘ಎಲ್ಲಿ, ತೋರ್ಸಿ.’ ಹೇಳಿ ಸುಮ್ಮನಾಗುವವರಲ್ಲ, ಎದ್ದೇಬಿಡುತ್ತಿದ್ದರು. ಚಪ್ಪಲಿ ಸರಿಯಾಗಿ ಮೆಟ್ಟಿಕೊಳ್ಳದೆ ಪಟಪಟ ಸದ್ದು ಮಾಡುತ್ತ ಆ ಹುಡುಗನ ಮೇಜಿಗೆ ಹೋಗಿ, ಅವನ ಹೆಗಲ ಮೇಲಿಂದ ಬಗ್ಗಿ, ‘ಒತ್ತಿ. ಹ್ಞಾಂ. ಇನ್ನೊಂದ್ಸಲ ಒತ್ತಿ. ಈಗ ವೈರ್ ಕಿತ್ತು ಒತ್ತಿ’ ಎಂದು ಕಾಡುತ್ತಿದ್ದರು. ತಪ್ಪು ಸಿಕ್ಕರೆ ಮಗುವಿನಂತೆ ನಗು. ಸಿಗದಿದ್ದರೆ ‘ಭೇಷ್, ಮುಚ್ಚಿ’ ಎಂದು ಬೆನ್ನು ತಟ್ಟಿ ಬರುವರು. ಹೀಗೆ ದಿನಕ್ಕೆ ಹತ್ತು ಮೇಜು, ಹತ್ತು ಜನ, ಹತ್ತು ಬಗೆಯ ಹರಟೆ. ಯಾರ ಮಗಳಿಗೆ ಹಲ್ಲು ಹುಟ್ಟಿತು, ಯಾರ ಮಾವ ಮುನಿಸಿಕೊಂಡು ಮಾತುಬಿಟ್ಟಿದ್ದಾರೆ, ಎಲ್ಲ ಅವರಿಗೆ ಗೊತ್ತಿರುತ್ತಿತ್ತು.

ಅವರಿಗೆ ಬೇಕಾಗಿದ್ದುದೂ ಅದೇ ಎಂದು ನನಗೆ ಹೊಳೆದದ್ದು ತಡವಾಗಿ. ಮದುವೆಯಾಗಿರಲಿಲ್ಲ. ಎರಡನೇ ಮಹಡಿಯ ಒಂದು ಕೋಣೆ, ಒಂದು ಅಡುಗೆ ಕಟ್ಟೆ, ಒಂದೇ ಕುರ್ಚಿ. ಒಮ್ಮೆ ಜ್ವರ ಬಂದಾಗ ಮಾತ್ರೆ ಕೊಡಲು ಹೋದ ನಾನು ಮಂಚದ ತುದಿಯಲ್ಲಿ ಕೂತು ಬಂದೆ. ‘ಇನ್ನೊಂದು ಕುರ್ಚಿ ತಗೋಬಾರ್ದಾ ಸಾರ್?’ ಎಂದರೆ, ‘ಯಾರು ಕೂರ್ತಾರಮ್ಮ?’ ಎಂದರು. ನಗುತ್ತಲೇ ಅಂದರು, ನನಗೆ ಮಾತ್ರ ನಗು ಬರಲಿಲ್ಲ.

ಅವರಿಗೆ ತಮ್ಮವರು ಎಂದು ಇದ್ದದ್ದು ಅಕ್ಕ ಒಬ್ಬರೇ. ಇವರು ನಾಲ್ಕು ವರ್ಷದವರಿದ್ದಾಗ ತಾಯಿ ತೀರಿಕೊಂಡರಂತೆ. ಹದಿನೆಂಟು ವರ್ಷದ ಅಕ್ಕ ತಲೆ ಬಾಚಿ, ಅನ್ನ ಕಲಸಿ, ಬೆತ್ತ ಹಿಡಿದು ಸಾಕಿದರಂತೆ. ಅಕ್ಕನಿಗೂ ಸಂಸಾರ ಕೂಡಿಬರಲಿಲ್ಲ. ಈಗ ಎಪ್ಪತ್ತು. ಮಂಡಿ ಕೈಕೊಟ್ಟು, ಮಹಡಿ ಹತ್ತಲಾಗದೆ ಆರೈಕೆ ಕೇಂದ್ರವೊಂದರಲ್ಲಿದ್ದರು. ಪ್ರತಿ ಭಾನುವಾರ ಇವರು ಹೋಗಿ ಮಧ್ಯಾಹ್ನದಿಂದ ಸಂಜೆಯವರೆಗೆ ಕೂತು ಬರುತ್ತಿದ್ದರು. ಆ ಕೇಂದ್ರದಲ್ಲಿ ಹಾಕಿದ್ದುದು ನಮ್ಮದೇ ಗಂಟೆ. ‘ನಮ್ಮಕ್ಕನ ತಲೆ ಪಕ್ಕ ನಾನೇ ಕೂತಿರ್ತೀನಿ ಕಣಮ್ಮ, ಬೀಪ್ ಬೀಪ್ ಅಂತ’ ಎಂದು ಹೆಮ್ಮೆಯಿಂದ ಹೇಳುತ್ತಿದ್ದರು.

ಈಗ ನಕ್ಷತ್ರದ ವಿಷಯಕ್ಕೆ ಬರುತ್ತೇನೆ.

ಆರು ವರ್ಷದ ಹಿಂದೆ ಮೂಲೆ ಸೀಟಿನ ಡೆವಲಪರ್ ಒಬ್ಬ ಟಿಕೆಟ್ ಒಂದನ್ನು ‘ಸರಿಮಾಡಿದೆ’ ಎಂದು ಹಾಕಿ, ಯಾರಿಗೂ ತೋರಿಸದೆ ಮುಚ್ಚಿದ. ಸರಿಯಾಗಿರಲಿಲ್ಲ. ಒಂದು ಆಸ್ಪತ್ರೆಯಲ್ಲಿ ಇಡೀ ವಾರ್ಡಿನ ಗಂಟೆ ಅರ್ಧ ದಿನ ಮೂಕವಾಯಿತು. ಯಾರಿಗೂ ಏನೂ ಆಗಲಿಲ್ಲ ಎಂಬುದು ನಮ್ಮ ಪುಣ್ಯ. ಮರುದಿನ ಸಭೆ. ತೋರ್ಸಿ ಸಾರ್ ಎದ್ದು ನಿಂತು, ಆ ಹುಡುಗನ ಮುಖ ನೋಡದೆ ಹೇಳಿದರು: ‘ತಪ್ಪು ಯಾರಾದ್ರೂ ಮಾಡ್ತಾರೆ. ಆದ್ರೆ ಮುಚ್ಚೋ ಮುಂಚೆ ಏನು ನೋಡಿದ್ರಿ ಅಂತ ಒಂದು ಸಾಲು ಬರೀಲಿ, ಒಂದು ಚಿತ್ರ ಅಂಟಿಸ್ಲಿ. ಅಷ್ಟು ಮಾಡಿ.’ ನಾನು ಅದೇ ದಿನ ಟಿಕ್ ಹಾಕಿದೆ. ಮೊದಲೇ ಇದ್ದ ‘ಹೇಗೆ ಮುಗಿಯಿತು’ ಎಂಬ ಕಾಲಂ ಜೊತೆಗೆ ‘ಪರೀಕ್ಷೆಯ ಪುರಾವೆ’ ಎಂಬ ಎರಡನೇ ನಕ್ಷತ್ರ ಹುಟ್ಟಿತು. ಆ ವರ್ಷ ನಿಜಕ್ಕೂ ಒಳ್ಳೆಯ ವರ್ಷ. ಪುರಾವೆ ಅಂಟಿಸಬೇಕೆಂದರೆ ಒಮ್ಮೆಯಾದರೂ ಓಡಿಸಿ ನೋಡಲೇಬೇಕಲ್ಲ? ವಾಪಸು ಬರುವ ಟಿಕೆಟ್ ಅರ್ಧಕ್ಕಿಳಿದವು.

ಅಲ್ಲಿಗೇ ನಿಲ್ಲಿಸಿದ್ದರೆ! ನಿಲ್ಲಿಸುವುದು ನಮ್ಮ ಮ್ಯಾನೇಜರಿಗೆ ಹುಟ್ಟಿನಿಂದಲೇ ಬಾರದು. ಅವರನ್ನು ನಾವು ಗ್ರಾಫ್ ಸಾಹೇಬರು ಎನ್ನುತ್ತೇವೆ, ಎದುರಿಗೆ ಗೆರೆ ಕಂಡರೆ ಸಾಕು ಮುಖ ಅರಳುತ್ತದೆ. ಒಂದೊಂದು ಎಡವಟ್ಟಿಗೂ ಒಂದೊಂದು ಕಾಲಂ. ಯಾವ ಆವೃತ್ತಿಯಲ್ಲಿ ಸರಿಯಾಯಿತು ಎಂದು ಯಾರೋ ಮರೆತರು, ಒಂದು ನಕ್ಷತ್ರ. ಯಾವ ಮಾದರಿಯ ಗಂಟೆ ಪೆಟ್ಟಿಗೆಯ ಮೇಲೆ ಪರೀಕ್ಷಿಸಿದ್ದು ಎಂದು ಗ್ರಾಹಕರೊಬ್ಬರು ಕೇಳಿದರು, ಇನ್ನೊಂದು. ಮೂಲ ಕಾರಣ, ಐವತ್ತು ಅಕ್ಷರಕ್ಕೆ ಕಡಿಮೆ ಇರಕೂಡದು. ಸರಿಮಾಡುವ ಮುಂಚಿನ ಚಿತ್ರ. ಇನ್ನೊಬ್ಬರು ನೋಡಿದ್ದಕ್ಕೆ ಅವರ ಹೆಸರು. ‘ಇದರಿಂದ ಕಲಿತ ಪಾಠ’ ಎಂಬುದೊಂದು ಕಾಲಂ ಇತ್ತು, ದೇವರಾಣೆ. ಪ್ರತಿಸಲವೂ ನನಗೆ ಮೇಲ್ ಬರುತ್ತಿತ್ತು, ಪ್ರತಿಸಲವೂ ನಾನು ಟಿಕ್ ಹಾಕುತ್ತಿದ್ದೆ. ನನಗೆ ಅರ್ಧ ನಿಮಿಷದ ಕೆಲಸ. ಅದು ನಲವತ್ತು ಜನರಿಗೆ ದಿನವೂ ಎಷ್ಟು ನಿಮಿಷ ಎಂದು ನಾನು ಒಮ್ಮೆಯೂ ಲೆಕ್ಕ ಹಾಕಲಿಲ್ಲ. ಕೊನೆಗೆ ಒಟ್ಟು ಹನ್ನೊಂದಾದವು.

ಆಮೇಲೆ ಏನಾಯಿತು ಎಂದರೆ, ಎರಡು ಸಾಲಿನ ಅಕ್ಷರದೋಷ ತಿದ್ದಲು ಐದು ನಿಮಿಷ, ಅದನ್ನು ಮುಚ್ಚಲು ಇಪ್ಪತ್ತೈದು ನಿಮಿಷ. ಜನ ಬಡಪೆಟ್ಟಿಗೆ ಬಗ್ಗುವರೇ? ಮೂಲ ಕಾರಣದಲ್ಲಿ ಐವತ್ತು ಚುಕ್ಕೆ ಇಟ್ಟರು. ಪುರಾವೆಯ ಕಾಲಂಗೆ ಫೈಲು ಇದೆಯೋ ಇಲ್ಲವೋ ಎಂದು ಮಾತ್ರ ಗೊತ್ತಾಗುತ್ತದೆ, ಒಳಗೇನಿದೆ ಎಂದು ಗೊತ್ತಾಗುವುದಿಲ್ಲ. ಹಾಗಾಗಿ ಒಂದು ಕರಿ ಚೌಕದ ಚಿತ್ರ ಕಚೇರಿಯೆಲ್ಲ ಕೈಯಿಂದ ಕೈಗೆ ಓಡಾಡಿತು. ‘ಕರಿಯ ಇದಾನಾ? ಕಳಿಸು’ ಎನ್ನುವರು. ಆ ಕರಿಯ ಎಷ್ಟೋ ಟಿಕೆಟ್‌ಗಳಿಗೆ ಸಾಕ್ಷಿಯಾಗಿ ನಿಂತ. ಇನ್ನು ಕೆಲವರು ಟಿಕೆಟ್ಟನ್ನು ಮುಂದಕ್ಕೇ ತಳ್ಳಲಿಲ್ಲ, ಕೆಲಸ ಮುಗಿದರೂ ‘ನಡೆಯುತ್ತಿದೆ’ಯಲ್ಲೇ ಕೊಳೆಯಲು ಬಿಟ್ಟರು.

ಎಲ್ಲಕ್ಕಿಂತ ಸುಲಭದ ದಾರಿ ಕಂಡುಹಿಡಿದವನು ಅದೇ ಮೂಲೆ ಸೀಟಿನವನು. ‘ಹೇಗೆ ಮುಗಿಯಿತು’ ಎಂಬಲ್ಲಿ ‘ಸರಿಮಾಡಿದೆ’ ಎಂದರೆ ಹನ್ನೊಂದೂ ನಕ್ಷತ್ರ ಬಾಯಿ ತೆರೆಯುತ್ತಿದ್ದವು. ‘ನಕಲು’ ಎಂದರೆ, ಅಂದರೆ ಈ ದೂರು ಮೊದಲೇ ಬಂದಿದೆ ಎಂದರೆ, ಹಳೆಯ ಟಿಕೆಟ್ ನಂಬರ್ ಒಂದು ಸಾಕು. ನ್ಯಾಯವೇ, ನಕಲಿಗೆ ಬೇರೆ ಪುರಾವೆ ಯಾಕೆ ಎಂದು ನಾನೇ ಹಾಗೆ ಹೊಂದಿಸಿದ್ದೆ. ಆ ಸಂದಿ ಒಬ್ಬನಿಗೆ ಗೊತ್ತಾಯಿತು, ವಾರದಲ್ಲಿ ಎಲ್ಲರಿಗೂ ಗೊತ್ತಾಯಿತು. ಗಂಟೆ ಹೊಡೆಯುತ್ತಿಲ್ಲ ಎಂಬ ಯಾವ ದೂರು ಬಂದರೂ ‘ನಲವತ್ತೇಳರ ನಕಲು’ ಎಂದು ಮುಚ್ಚುವುದು ರೂಢಿಯಾಯಿತು. ನಲವತ್ತೇಳು ಯಾವುದು? ಹತ್ತು ವರ್ಷದ ಹಿಂದೆ ತೋರ್ಸಿ ಸಾರ್ ಬರೆದದ್ದು: ‘ಗಂಟೆ ಹೊಡೆಯುತ್ತಿಲ್ಲ. ಸ್ಪೀಕರ್ ವೈರ್ ಸಡಿಲ.’ ಅದು ಎಂದೋ ಮುಗಿದಿತ್ತು. ಈಗ ಅದರ ಬಾಲಕ್ಕೆ ನೂರ ಮೂವತ್ತು ನಕಲು.

ಟಿಕೆಟ್ ಬರೆಯುವವರೂ ಕಡಿಮೆಯಾದರು. ಬರೆದರೆ ತಾನೇ ಮುಚ್ಚುವ ಕಾಟ? ಗ್ರಾಫಿನ ಗೆರೆ ಕೆಳಗಿಳಿಯಿತು. ‘ನೋಡ್ರೀ, ತಪ್ಪುಗಳೇ ಕಡಿಮೆ ಆಗಿವೆ!’ ಎಂದು ಸಾಹೇಬರು ಕುಣಿದರು.

ತೋರ್ಸಿ ಸಾರ್ ಮೇಜಿನ ಹತ್ತಿರ ಮಾತ್ರ ಈಗ ಯಾರೂ ಸುಳಿಯುತ್ತಿರಲಿಲ್ಲ. ಅವರು ಎದ್ದು ಹೋಗಿ ‘ಎಲ್ಲಿ, ತೋರ್ಸಿ’ ಎಂದರೆ, ‘ಅಂಟಿಸಿದೀನಲ್ಲ ಸಾರ್, ಕಾಲಂ ನೋಡಿ’ ಎಂದು ಪರದೆಯಿಂದ ಕಣ್ಣೆತ್ತದೆ ಹೇಳುವರು. ಪಾಪ, ಅವರದೂ ತಪ್ಪಲ್ಲ, ಹನ್ನೊಂದು ಕಾಲಂ ತುಂಬುವವನಿಗೆ ಹರಟೆಗೆಲ್ಲಿ ಪುರುಸೊತ್ತು? ನಾಲ್ಕು ಸಲ ಹಾಗಾದ ಮೇಲೆ ಇವರು ಏಳುವುದನ್ನೇ ಬಿಟ್ಟರು. ಕೂತಲ್ಲೇ ಕಾಲಂ ನೋಡುವುದು, ಕರಿಯನನ್ನು ನೋಡುವುದು, ಮತ್ತೆ ಕಾಲಂ ನೋಡುವುದು. ಊಟದ ಡಬ್ಬಿಯನ್ನು ಕಿಟಕಿಗೆ ಮುಖ ಮಾಡಿ ತೆರೆಯುತ್ತಿದ್ದರು. ಕೆಲವು ದಿನ ಇಡೀ ದಿನದಲ್ಲಿ ಅವರು ಆಡಿದ ಮಾತು ‘ಬರ್ತೀನಮ್ಮ’ ಒಂದೇ, ಅದೂ ಸಂಜೆ ನನ್ನ ಮೇಜು ದಾಟಿ ಹೋಗುವಾಗ. ನಾನು ‘ಹ್ಞೂಂ ಸಾರ್’ ಎನ್ನುತ್ತಿದ್ದೆ. ಎರಡು ಮಾತು ಹೆಚ್ಚಿಗೆ ಆಡಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ಒಂದು ಸೋಮವಾರ ಅವರು ನೇರ ನನ್ನ ಮೇಜಿಗೆ ಬಂದರು.

‘ಅಕ್ಕ ಒಂದು ಹೇಳಿದ್ಲಮ್ಮ’ ಎಂದರು. ‘ಗುಂಡಿ ಒತ್ತುತಾಳಂತೆ, ದೀಪ ಹತ್ತುತ್ತಂತೆ, ಯಾರೂ ಬರಲ್ವಂತೆ. ಮತ್ತೆ ಒತ್ತಿದ್ರೂ ಅಷ್ಟೇ. ಯಾವಾಗ್ಲೂ ಅಲ್ಲ, ಒಂದೊಂದ್ಸಲ. ದಾದೀರನ್ನ ಕೇಳಿದ್ರೆ, ನಮಗೆ ಕರೆನೇ ಬಂದಿಲ್ಲ ಅಂತಾರಂತೆ.’

‘ಟಿಕೆಟ್ ಹಾಕಿದ್ರಾ ಸಾರ್?’

‘ಹಾಕ್ದೆ. ನಲವತ್ತು ನಿಮಿಷಕ್ಕೆ ಮುಚ್ಚಿದ್ರು.’

ತೆರೆದು ನೋಡಿದೆ. ‘ನಕಲು. ನಲವತ್ತೇಳು.’ ಅವರ ಅಕ್ಕನ ದೂರಿಗೆ ಅವರದೇ ಹಳೆಯ ಟಿಕೆಟ್ ಅಡ್ಡ ನಿಂತಿತ್ತು.

‘ಮತ್ತೆ ತೆರೀರಿ’ ಎಂದೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಮುಚ್ಚಿದ್ದನ್ನು ಮತ್ತೆ ತೆರೆಯುವುದಕ್ಕೂ ಹಿಂದಿನ ವರ್ಷ ನಕ್ಷತ್ರ ಹಾಕಿದವಳು ನಾನೇ. ಸುಮ್ಮಸುಮ್ಮನೆ ತೆರೆದರೆ ಗ್ರಾಫ್ ಕೆಡುತ್ತದಂತೆ. ದಾದಿಯರ ಮೇಜಿನ ಪೆಟ್ಟಿಗೆಯೊಳಗಿನ ದಾಖಲೆ ಬೇಕು, ತಪ್ಪು ನಡೆಯುವಾಗಲೇ ತೆಗೆದ ವಿಡಿಯೊ ಬೇಕು, ಎಷ್ಟು ಸಲ ಮರುಕಳಿಸಿತು ಎಂಬ ಸಂಖ್ಯೆ ಬೇಕು. ಆರೈಕೆ ಕೇಂದ್ರದವರು, ಕಂಪನಿಯಿಂದ ಪತ್ರ ತನ್ನಿ, ದಾಖಲೆ ಕೊಡುತ್ತೇವೆ ಎಂದರಂತೆ. ಕಂಪನಿಯಿಂದ ಪತ್ರ ಹೋಗಬೇಕಾದರೆ ಟಿಕೆಟ್ ತೆರೆದಿರಬೇಕು. ಟಿಕೆಟ್ ತೆರೆಯಬೇಕಾದರೆ ದಾಖಲೆ ಬೇಕು. ಹೊಸ ಟಿಕೆಟ್ ಹಾಕಿದರೆ ಅದೂ ನಲವತ್ತೇಳರ ನಕಲೇ. ಗಾಣದೆತ್ತಿನ ಸುತ್ತು.

‘ಸಾರ್, ಇಲ್ಲಿ ಕೇಳಿ’ ಎಂದು ದನಿ ತಗ್ಗಿಸಿದೆ. ‘ನನ್ನ ಕೈಲಿ ಬೀಗದ ಕೈ ಇದೆ. ಎರಡು ನಿಮಿಷ ನಕ್ಷತ್ರ ತೆಗೀತೀನಿ, ನೀವು ತೆರೀರಿ, ಮತ್ತೆ ಹಾಕ್ತೀನಿ. ಯಾರಪ್ಪನಿಗೂ ಗೊತ್ತಾಗಲ್ಲ.’

ಅವರು ತಲೆ ಅಲ್ಲಾಡಿಸಿದರು. ‘ಬೇಡಮ್ಮ. ಪುರಾವೆ ಇಲ್ದೆ ಏನೂ ನಂಬಬೇಡಿ ಅಂತ ಊರಿಗೆಲ್ಲ ಹೇಳಿದೋನು ನಾನು. ನಮ್ಮಕ್ಕಂದು ಅಂದ ತಕ್ಷಣ ಹಿಂಬಾಗಿಲಿಂದ ನುಗ್ಗಲಾ?’

‘ಅವರು ಎಪ್ಪತ್ತು ವರ್ಷದ ಹೆಂಗಸು ಸಾರ್! ಅವರ ಮಾತೇ ಪುರಾವೆ ಅಲ್ವಾ?’

‘ನಂಗೆ ಪುರಾವೆ. ಕಾಲಂಗಲ್ಲ’ ಎಂದು ಹೊರಟುಹೋದರು.

ನನಗೆ ಮೈಯೆಲ್ಲ ಉರಿಯಿತು. ಮುದುಕನ ಹಟಕ್ಕಿಷ್ಟು ಬೆಂಕಿ ಹಾಕ ಎಂದು ಬೈದುಕೊಂಡೆ. ಬೈದುಕೊಂಡು ಸುಮ್ಮನಾದೆ. ಅವರು ಬೇಡವೆಂದರೂ ನಾನೇ ತೆರೆಯಬಹುದಿತ್ತು. ತೆರೆಯಲಿಲ್ಲ. ಈ ಮಾತನ್ನು ಎಷ್ಟು ಸಲ ಮನಸ್ಸಿನಲ್ಲಿ ತಿರುಗಿಸಿದರೂ ಅದು ನನ್ನ ಕಡೆಗೇ ಬಂದು ನಿಲ್ಲುತ್ತದೆ.

ಮೂರು ಭಾನುವಾರ ಅವರು ಅಕ್ಕನ ಮಂಚದ ಪಕ್ಕ ಮೊಬೈಲ್ ಹಿಡಿದು ಕೂತರು. ಮಾತಾಡಲಿಲ್ಲವಂತೆ, ದೀಪವನ್ನೇ ಚಿತ್ರೀಕರಿಸುತ್ತ ಕೂತರಂತೆ. ಅಕ್ಕ ಒತ್ತುವುದು, ದೀಪ ಹತ್ತುವುದು, ದಾದಿ ಬರುವುದು. ಮತ್ತೆ ಒತ್ತುವುದು, ಮತ್ತೆ ಬರುವುದು. ದಾದಿಗೂ ರೇಗಿಹೋಯಿತು. ‘ನಿನ್ನ ಮುಖ ನೋಡೋಣ ಅಂದ್ರೆ ಆ ಡಬ್ಬಿನೇ ಅಡ್ಡ ಹಿಡ್ಕೊಂಡಿದೀಯಲ್ಲೋ’ ಎಂದು ಅಕ್ಕ ಗೊಣಗಿದರಂತೆ. ಇವರು ಹೋದಾಗಲೆಲ್ಲ ಗಂಟೆ ಚಾಚೂ ತಪ್ಪದೆ ಹೊಡೆಯಿತು.

ನಾಲ್ಕನೇ ವಾರ, ಬುಧವಾರ ಬೆಳಗ್ಗೆ ಹನ್ನೊಂದಕ್ಕೆ ಅವರ ಫೋನ್ ಬಡಿದುಕೊಂಡಿತು. ಅಕ್ಕ ಬಚ್ಚಲಿಗೆ ಹೋಗಬೇಕೆಂದು ಗುಂಡಿ ಒತ್ತಿದ್ದರು. ದೀಪ ಹತ್ತಿತು. ಇಪ್ಪತ್ತು ನಿಮಿಷ ಕಾದರು. ತಡೆಯಲಾಗದೆ ತಾವೇ ಎದ್ದರು. ಬಾಗಿಲ ಹತ್ತಿರ ಬಿದ್ದು ಸೊಂಟದ ಮೂಳೆ ಮುರಿಯಿತು. ಬಿದ್ದ ಮೇಲೆ ಇನ್ನೂ ಹದಿನೈದು ನಿಮಿಷ ನೆಲದ ಮೇಲೆಯೇ ಇದ್ದರು, ಮಂಚದ ಪಕ್ಕ ದೀಪ ಉರಿಯುತ್ತಲೇ ಇತ್ತು. ಫೋನ್ ಇಟ್ಟ ತೋರ್ಸಿ ಸಾರ್ ಚೀಲವನ್ನೂ ತೆಗೆದುಕೊಳ್ಳದೆ ನಡೆದರು.

ಐದು ದಿನ ಬರಲಿಲ್ಲ. ಆರನೇ ದಿನ ಮಧ್ಯಾಹ್ನ ಊಟದ ಹೊತ್ತಿಗೆ ನಾನು ಪ್ರಯೋಗಾಲಯದ ಮುಂದೆ ಹಾದುಹೋಗುವಾಗ ಒಳಗಿಂದ ಪಟಪಟ ಸದ್ದು. ಇಣುಕಿದೆ. ಆ ಕೋಣೆಯ ಒಂದು ಗೋಡೆಗೆ ಹಾಸಿಗೆ ಪಕ್ಕದ ಪೆಟ್ಟಿಗೆಗಳು, ಎದುರು ಗೋಡೆಯ ಹತ್ತಿರ ದಾದಿಯರ ಮೇಜು. ತೋರ್ಸಿ ಸಾರ್ ಇತ್ತ ಒಂದು ಪೆಟ್ಟಿಗೆಯ ಗುಂಡಿ ಒತ್ತಿ, ಆ ಮೇಜಿಗೆ ಓಡಿ ಆ ಕರೆಯನ್ನು ಅಳಿಸಿ, ಮತ್ತೆ ಇತ್ತ ಓಡಿಬಂದು ಇನ್ನೊಂದು ಪೆಟ್ಟಿಗೆಯ ಗುಂಡಿ ಒತ್ತುತ್ತಿದ್ದರು. ಐವತ್ತಾರರ ಮನುಷ್ಯ. ಶರಟು ಬೆನ್ನಿಗೆ ಅಂಟಿತ್ತು.

‘ಏನ್ ಸಾರ್ ಇದು?’

‘ಒಂದು ಕೋಣೆ ಕರೆ ಅಳಿಸೋ ಕ್ಷಣದಲ್ಲೇ ಇನ್ನೊಂದು ಕೋಣೆಯೋರು ಒತ್ತಿದ್ರೆ ಏನಾಗುತ್ತೆ ನೋಡ್ಬೇಕು’ ಎಂದು ಏದುಸಿರು ಬಿಟ್ಟರು. ‘ಭಾನುವಾರ ಮಧ್ಯಾಹ್ನ ಎಲ್ಲರೂ ಮಲಗಿರ್ತಾರೆ, ಅಕ್ಕ ಒಬ್ಳೇ ಒತ್ತೋದು. ಅದಕ್ಕೇ ನಾನು ಹೋದಾಗ ಸಿಗ್ಲಿಲ್ಲ. ಬೆಳಗ್ಗೆ ಎಲ್ಲರೂ ಒತ್ತುತಾರೆ. ಆದ್ರೆ ಒಂದೇ ಕ್ಷಣ ಆಗ್ಬೇಕು. ನಂಗೆ ಆರು ಹೆಜ್ಜೆ ಆಗುತ್ತೆ.’

‘ಯಾರನ್ನಾದ್ರೂ ಕರೀಬಾರ್ದಿತ್ತಾ?’

‘ಯಾರನ್ನ ಕರೀಲಿ?’ ಎಂದರು. ವ್ಯಂಗ್ಯವಲ್ಲ, ಕೋಪವಲ್ಲ. ನಿಜಕ್ಕೂ ಅವರಿಗೆ ಯಾರ ಮುಖವೂ ಹೊಳೆದಿರಲಿಲ್ಲ. ಈ ತಪ್ಪನ್ನು ಹಿಡಿಯಲು ಬೇಕಾಗಿದ್ದುದು ಇನ್ನೊಂದು ಜೊತೆ ಕೈ, ಅಷ್ಟೇ. ಮೊದಲಾಗಿದ್ದರೆ ಯಾವ ಹುಡುಗನ ಮೇಜಿನ ಮೇಲೆ ಬಗ್ಗಿದ್ದರೂ ಸಿಗುತ್ತಿತ್ತು.

ನಾನು ದುಪಟ್ಟಾ ಸೊಂಟಕ್ಕೆ ಕಟ್ಟಿ ಮೇಜಿನ ಮುಂದೆ ನಿಂತೆ. ಅವರು ‘ಒಂದು, ಎರಡು, ಮೂರು’ ಎನ್ನುವುದು, ನಾನು ಒಂದು ಪೆಟ್ಟಿಗೆಯ ಕರೆ ಅಳಿಸುವುದು, ಅವರು ಇನ್ನೊಂದರ ಗುಂಡಿ ಒತ್ತುವುದು. ಮೂರು ಸಲ ನಾನೇ ತಡ ಮಾಡಿದೆ, ‘ಕೈಗೇನು ಮೆಹಂದಿ ಹಾಕಿದೀರಾ’ ಎಂದು ಬೈಸಿಕೊಂಡೆ. ಒಂಬತ್ತನೇ ಸಲ ಅವರ ಪೆಟ್ಟಿಗೆಯ ದೀಪ ಹತ್ತಿತು. ನನ್ನ ಪರದೆ ಖಾಲಿ. ಗಂಟೆ ಇಲ್ಲ, ನಂಬರ್ ಇಲ್ಲ. ಅವರು ಮತ್ತೆ ಒತ್ತಿದರು, ಮತ್ತೆ ಮತ್ತೆ ಒತ್ತಿದರು. ಏನೂ ಇಲ್ಲ. ನಾನು ಒಬ್ಬರ ಕರೆ ಅಳಿಸಿದಾಗ ಅದೇ ಕ್ಷಣ ಬಂದ ಇನ್ನೊಬ್ಬರ ಕರೆಯೂ ಅದರ ಜೊತೆ ಒರೆಸಿಹೋಗಿತ್ತು. ಪೆಟ್ಟಿಗೆ ಮಾತ್ರ ಕರೆ ಹೋಗಿದೆ ಎಂದೇ ತಿಳಿದು ದೀಪ ಉರಿಸುತ್ತಿತ್ತು. ದೀಪ ಉರಿಯುವಷ್ಟು ಹೊತ್ತು ಹೊಸದಾಗಿ ಒತ್ತಿದ್ದಕ್ಕೆ ಕ್ಯಾರೇ ಅನ್ನುವುದಿಲ್ಲ.

ಸಿಕ್ಕಾಗ ಅವರು ನಗುತ್ತಾರೆ ಎಂದಿದ್ದೆನಲ್ಲ, ಆ ದಿನ ನಗಲಿಲ್ಲ. ಪೆಟ್ಟಿಗೆಯ ಮುಂದೆ ನೆಲಕ್ಕೆ ಕೂತುಬಿಟ್ಟರು. ನಾನು ಅವರ ಪಕ್ಕ ಕೂತೆ.

ಮೂಲೆ ಸೀಟಿನವನಿಗೆ ವಿಷಯ ಗೊತ್ತಾದಾಗ ಅವನ ಮುಖದಲ್ಲಿ ರಕ್ತವಿರಲಿಲ್ಲ. ಅಕ್ಕನ ಟಿಕೆಟ್ಟನ್ನು ‘ನಕಲು’ ಮಾಡಿ ಮುಚ್ಚಿದ್ದವನು ಅವನೇ. ‘ಆ ದಿನ ಹದಿನಾಲ್ಕು ಟಿಕೆಟ್ ಇತ್ತು ಸಾರ್. ಓದಲೇ ಇಲ್ಲ’ ಎಂದು ಅತ್ತ. ತೋರ್ಸಿ ಸಾರ್ ಅವನ ತಲೆ ಮೇಲೆ ಕೈಯಿಟ್ಟು, ‘ಸರಿಮಾಡು’ ಎಂದರು. ಎರಡು ದಿನದಲ್ಲಿ ಸರಿಮಾಡಿದ. ಮೇಜು ಕರೆಯನ್ನು ಸ್ವೀಕರಿಸಿ ಮರುಉತ್ತರ ಕೊಡುವವರೆಗೆ ಪೆಟ್ಟಿಗೆ ಕರೆಯುತ್ತಲೇ ಇರಬೇಕು, ಉತ್ತರ ಬಂದ ಮೇಲೆ ಮಾತ್ರ ದೀಪ ಹತ್ತಬೇಕು, ಹಾಗೆ.

ಆಮೇಲೆ ಸಭೆ. ಗ್ರಾಫ್ ಸಾಹೇಬರು ಆಗಲೇ ತಯಾರಾಗಿ ಬಂದಿದ್ದರು. ‘ಇನ್ನು ಮುಂದೆ ನಕಲಿಗೂ ಹನ್ನೊಂದು ಕಾಲಂ ಕಡ್ಡಾಯ ಮಾಡೋಣ. ಹನ್ನೆರಡನೇದು ಒಂದು...’

‘ಒಂದು ನಿಮಿಷ’ ಎಂದು ತೋರ್ಸಿ ಸಾರ್ ಎದ್ದರು. ‘ಪುರಾವೆ ಕಾಲಂ ಕೇಳಿದ್ದು ನಾನು. ಅದೊಂದಿದ್ದಾಗ ಜನ ನೋಡಿ ಬರೀತಿದ್ರು. ಹನ್ನೊಂದಾದ್ಮೇಲೆ ಬರಿಯೋಕೆ ಅಂತ ಬರೀತಾರೆ, ನೋಡೋದನ್ನೇ ಬಿಟ್ಟಿದಾರೆ. ನೀವು ಇನ್ನೊಂದು ಹಾಕಿದ್ರೆ ಇನ್ನೊಂದು ಸಂದಿ ಹುಡುಕ್ತಾರೆ. ನಮ್ಮಕ್ಕನ ಟಿಕೆಟ್ ಮುಚ್ಚಿದ್ದು ಈ ಹುಡುಗ ಅಲ್ಲ ಸಾರ್, ಈ ಕಾಲಂಗಳು.’

ಸಾಹೇಬರು ಬಾಯಿ ತೆರೆದರು. ನನಗೆ ಎಲ್ಲಿಂದ ಧೈರ್ಯ ಬಂತೋ, ‘ನಿಮ್ಮ ಗ್ರಾಫ್ ಇಳಿದಿದ್ದು ತಪ್ಪು ಕಮ್ಮಿ ಆಗಿದ್ದಕ್ಕಲ್ಲ, ಜನ ಹೇಳೋದು ಬಿಟ್ಟಿದ್ದಕ್ಕೆ’ ಎಂದು ನೂರ ಮೂವತ್ತು ನಕಲಿನ ಪಟ್ಟಿಯನ್ನು ಪರದೆಗೆ ಹಾಕಿದೆ. ಕೆಳಗೆ ಕರಿಯನನ್ನೂ ಹಾಕಿದೆ. ಅವರು ಬಾಯಿ ಮುಚ್ಚಿದರು.

ಅವತ್ತೇ ಕೂತು ಕಿತ್ತು ಹಾಕಿದೆ. ಆವೃತ್ತಿ, ಪೆಟ್ಟಿಗೆ, ಇವನ್ನೆಲ್ಲ ಕಂಪ್ಯೂಟರೇ ತುಂಬಿಕೊಳ್ಳುವಂತೆ ಮಾಡಿದೆ. ಅದಕ್ಕೆ ಗೊತ್ತಿರುವುದನ್ನು ಮನುಷ್ಯನ ಬಾಯಿಂದ ಯಾಕೆ ಕೇಳಬೇಕು? ಪಾಠಗೀಠ ಎಲ್ಲ ತೆಗೆದೆ. ಉಳಿದದ್ದು ಹೇಗೆ ಮುಗಿಯಿತು, ಏನು ನೋಡಿದಿರಿ, ಎರಡೇ. ಕರೆಯೇ ತಲುಪದಂಥ ತಪ್ಪಿಗೆ ಮಾತ್ರ ಪುರಾವೆಯ ಫೈಲು, ಮತ್ತು ಅದನ್ನು ಪಕ್ಕದಲ್ಲಿ ಕೂತು ಕಣ್ಣಾರೆ ನೋಡಿದ ಇನ್ನೊಬ್ಬರ ಹೆಸರು. ‘ನಕಲು’ ಎನ್ನಬೇಕಾದರೆ ಮೂಲದ ಟಿಕೆಟ್ ಇನ್ನೂ ತೆರೆದಿರಬೇಕು. ಮತ್ತೆ ತೆರೆಯಲು ಒಂದು ಸಾಲು ಸಾಕು, ಯಾರು ಬೇಕಾದರೂ ತೆರೆಯಬಹುದು. ಮುಂದಿನ ವಾರವೇ ಹೊಸ ಟಿಕೆಟ್ ಮೂರು ಪಟ್ಟಾದವು. ಗೆರೆ ಜಿಗಿಯಿತು, ಸಾಹೇಬರು ನನ್ನೊಡನೆ ಮಾತು ಬಿಟ್ಟರು.

ಹುಡುಗರು ಮತ್ತೆ ‘ಸಾರ್, ಸ್ವಲ್ಪ ಬಂದು ನೋಡ್ತೀರಾ’ ಎಂದು ಕರೆಯತೊಡಗಿದರು. ಅವರು ಹೋಗುತ್ತಾರೆ, ನೋಡುತ್ತಾರೆ, ‘ಭೇಷ್, ಮುಚ್ಚಿ’ ಎನ್ನುತ್ತಾರೆ. ಹರಟೆಯಿಲ್ಲ. ಯಾರ ಮಗಳು, ಯಾರ ಮಾವ ಎಂದು ಕೇಳುವುದಿಲ್ಲ. ಬಂದು ಕಿಟಕಿಯ ಕಡೆ ಮುಖ ಮಾಡಿ ಕೂರುತ್ತಾರೆ.

ಅಕ್ಕನ ಟಿಕೆಟ್ ಮಾತ್ರ ‘ಪರೀಕ್ಷೆಗೆ ಸಿದ್ಧ’ದಲ್ಲೇ ನಿಂತಿತ್ತು. ಪ್ರಯೋಗಾಲಯದಲ್ಲಿ ನಾವಿಬ್ಬರೂ ಇನ್ನೂರು ಸಲ ಒತ್ತಿ ಅಳಿಸಿ ನೋಡಿದ್ದೆವು, ಒಮ್ಮೆಯೂ ತಪ್ಪಿರಲಿಲ್ಲ. ಆರೈಕೆ ಕೇಂದ್ರಕ್ಕೂ ಹೊಸದನ್ನು ಹಾಕಿಯಾಗಿತ್ತು. ‘ಮುಚ್ಚಿ ಸಾರ್, ಎಲ್ಲ ಪುರಾವೆ ಇದೆಯಲ್ಲ’ ಎಂದೆ.

‘ಸರಿಮಾಡಿದ್ಮೇಲೆ ಅಕ್ಕ ಒತ್ತಿ, ದಾದಿ ಬಂದಿದ್ದು ನಾನು ನೋಡಿಲ್ಲಮ್ಮ’ ಎಂದರು. ಆ ಭಾನುವಾರ ನಾನೂ ಜೊತೆಗೆ ಹೋದೆ.

ತಿಳಿ ಹಸಿರು ಗೋಡೆಯ ಸಣ್ಣ ಕೋಣೆ. ಅಕ್ಕ ದಿಂಬಿಗೊರಗಿದ್ದರು, ತಮ್ಮನದೇ ಮೂಗು. ಸೊಂಟಕ್ಕೆ ಶಸ್ತ್ರಚಿಕಿತ್ಸೆಯಾಗಿ ತಿಂಗಳಾಗಿತ್ತು, ಒಬ್ಬರೇ ಮಗ್ಗುಲು ಬದಲಿಸಲೂ ಆಗುತ್ತಿರಲಿಲ್ಲ. ನನ್ನನ್ನು ಹತ್ತಿರ ಕೂರಿಸಿಕೊಂಡು, ‘ಇವನು ಆಫೀಸಲ್ಲಿ ಊಟ ಮಾಡ್ತಾನಾ?’ ಎಂದು ಕೇಳಿದರು. ಮಾಡುತ್ತಾರೆ ಎಂದೆ. ‘ಯಾರ ಜೊತೆ?’ ಎಂದರು. ನಾನು ಏನೋ ಸುಳ್ಳು ಹೇಳಿದೆ.

ಸ್ವಲ್ಪ ಹೊತ್ತಿಗೆ ಅವರ ತುಟಿ ಒಣಗಿದ್ದು ಕಂಡಿತು. ನೀರಿನ ಹೂಜಿ ಕೈಗೆಟುಕದಷ್ಟು ದೂರದ ಮೇಜಿನ ಮೇಲಿತ್ತು. ಅವರು ಅದನ್ನು ಎರಡು ಸಲ ನೋಡಿದರು. ಗುಂಡಿ ಅವರ ಬೆರಳ ಹತ್ತಿರವೇ ಇತ್ತು.

‘ಅಕ್ಕ, ಬಾಯಾರಿಕೆ ಆಗಿದೆ ಅಲ್ವಾ? ಒತ್ತು’ ಎಂದರು ತೋರ್ಸಿ ಸಾರ್. ‘ಸರಿ ಮಾಡಿದೀವಿ. ಇನ್ನೂರು ಸಲ ನೋಡಿದೀನಿ. ಬಂದೇ ಬರ್ತಾರೆ.’

‘ನೀನಿದ್ದೀಯಲ್ಲೋ, ಕೊಡು.’

‘ನಾನು ಕೊಡ್ತೀನಿ. ಆದ್ರೆ ಒಂದ್ಸಲ ಒತ್ತು ಅಕ್ಕ. ನನ್ನ ಮುಂದೆ.’

‘ಬ್ಯಾಡ ಬಿಡೋ.’

‘ನಾನು ಹೋದ್ಮೇಲೆ ಬಾಯಾರಿಕೆ ಆದ್ರೆ ಏನ್ ಮಾಡ್ತೀಯ?’

ಅಕ್ಕ ಅವರ ಕೈಯನ್ನು ತಮ್ಮ ಎರಡೂ ಕೈಯೊಳಗೆ ತೆಗೆದುಕೊಂಡರು. ಬೇಸರವಿಲ್ಲ, ದೂರಿಲ್ಲ, ಸಣ್ಣ ಮಗುವಿಗೆ ಹೇಳುವ ದನಿಯಲ್ಲಿ ಹೇಳಿದರು: ‘ನೀನು ಮತ್ತೆ ಬರೋ ತನಕ ತಡ್ಕೋತೀನಿ ಕಣೋ. ಭಾನುವಾರ ಬರ್ತೀಯಲ್ಲ.’

ತೋರ್ಸಿ ಸಾರ್ ಎದ್ದು ಲೋಟಕ್ಕೆ ನೀರು ಬಗ್ಗಿಸಿದರು. ಅದನ್ನು ಅಕ್ಕನ ತುಟಿಗೆ ಹಿಡಿದರು. ಆ ಟಿಕೆಟ್ ಇವತ್ತಿಗೂ ತೆರೆದೇ ಇದೆ, ಮುಚ್ಚಿ ಎಂದು ನಾನು ಅವರಿಗೆ ಮತ್ತೆ ಹೇಳಿಲ್ಲ.